8×10 ಮತ್ತು 10×8 ಒಂದೇನಾ? ಪೇಪರ್ ಜಾಹೀರಾತಿನ ಅಳತೆ, ದರ ಮತ್ತು ಪದಗಳ ಲೆಕ್ಕ

ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡಿರುತ್ತಾರೆ. ಹನ್ನೊಂದನೇ ದಿನದ ಉತ್ತರಕ್ರಿಯೆಗೆ ಊರೂರಿನ ನೆಂಟರಿಗೆ ತಿಳಿಸಬೇಕು. ಪೇಪರಿನಲ್ಲಿ ಒಂದು ಶ್ರದ್ಧಾಂಜಲಿ ಹಾಕಿಸೋಣ ಎಂದು ತೀರ್ಮಾನವಾಗುತ್ತದೆ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಕೂಡಲೇ ಸಲಹೆಗಳು ಶುರುವಾಗುತ್ತವೆ. "ಪದಕ್ಕೆ ಇಷ್ಟು ಅಂತ ದುಡ್ಡು, ಕಡಿಮೆ ಬರೀರಿ" ಎಂದು ಒಬ್ಬರು. "ಇಲ್ಲ, ಜಾಗಕ್ಕೆ ದುಡ್ಡು, ಎಷ್ಟು ಬೇಕಾದರೂ ಬರೀಬಹುದು" ಎಂದು ಇನ್ನೊಬ್ಬರು. "8×10 ಅಂದ್ರೂ 10×8 ಅಂದ್ರೂ ಒಂದೇ, ಗುಣಿಸಿದರೆ 80 ತಾನೆ" ಎಂದು ಮತ್ತೊಬ್ಬರು.

ಈ ಮೂರು ಮಾತಿನಲ್ಲೂ ಅರ್ಧ ಸತ್ಯವಿದೆ. ಉಳಿದ ಅರ್ಧ ಗೊತ್ತಿಲ್ಲದಿದ್ದರೆ ಸಾವಿರಾರು ರೂಪಾಯಿ ಹೆಚ್ಚು ಕೊಡಬೇಕಾಗುತ್ತದೆ. ಇಲ್ಲವೇ ಅಷ್ಟೂ ದುಡ್ಡು ಕೊಟ್ಟ ಮೇಲೆ, ಓದಬೇಕಾದ ಹಿರಿಯರ ಕಣ್ಣಿಗೆ ಹಿಡಿಯದಷ್ಟು ಸಣ್ಣ ಅಕ್ಷರದಲ್ಲಿ ಜಾಹೀರಾತು ಬರುತ್ತದೆ. ಶ್ರದ್ಧಾಂಜಲಿಯ ವಿಷಯದಲ್ಲಿ ಇನ್ನೊಂದು ದಿನ ಸರಿಪಡಿಸಿ ಹಾಕಿಸೋಣ ಎನ್ನಲು ಸಮಯವೂ ಇರುವುದಿಲ್ಲ. ಹಾಗಾಗಿ ಒಂದೇ ಒಂದು ಉದಾಹರಣೆ ಹಿಡಿದು ಅಳತೆ, ದರ, ಬರಹ ಮೂರನ್ನೂ ಹಂತ ಹಂತವಾಗಿ ನೋಡೋಣ.

ಪದಕ್ಕೆ ದುಡ್ಡೋ, ಜಾಗಕ್ಕೆ ದುಡ್ಡೋ?

ಪೇಪರಿನಲ್ಲಿ ಎರಡು ಬಗೆಯ ಜಾಹೀರಾತುಗಳಿವೆ. ಮೊದಲನೆಯದು ಕ್ಲಾಸಿಫೈಡ್ ಪುಟದಲ್ಲಿ ಸಾಲು ಸಾಲಾಗಿ ಬರುವಂಥದ್ದು: 'ಮನೆ ಬಾಡಿಗೆಗಿದೆ', 'ಹೆಸರು ಬದಲಾವಣೆ', 'ಅಂಕಪಟ್ಟಿ ಕಳೆದಿದೆ' ಇತ್ಯಾದಿ. ಇವಕ್ಕೆ ಪದದ ಅಥವಾ ಸಾಲಿನ ಲೆಕ್ಕದಲ್ಲಿ ದರ ಇರುತ್ತದೆ. ಇಲ್ಲಿ ಒಂದು ಪದ ಕಡಿಮೆಯಾದರೆ ದುಡ್ಡೂ ಕಡಿಮೆಯಾಗಬಹುದು.

ಎರಡನೆಯದು ಡಿಸ್‌ಪ್ಲೇ ಜಾಹೀರಾತು. ಸುತ್ತ ಬಾರ್ಡರ್, ಒಳಗೆ ಫೋಟೊ, ದೊಡ್ಡ ಅಕ್ಷರದಲ್ಲಿ ಹೆಸರು ಇರುವಂಥದ್ದು. ಫೋಟೊ ಇರುವ ಶ್ರದ್ಧಾಂಜಲಿ ಸಾಮಾನ್ಯವಾಗಿ ಈ ಗುಂಪಿಗೆ ಸೇರುತ್ತದೆ. ಇದರಲ್ಲಿ ಪೇಪರಿನವರು ಮಾರುವುದು ಜಾಗವನ್ನು. ನಮ್ಮ ದೇಶದಲ್ಲಿ ಇದರ ದರವನ್ನು ಸಾಮಾನ್ಯವಾಗಿ ಒಂದು ಚದರ ಸೆಂಟಿಮೀಟರಿಗೆ ಇಷ್ಟು ಎಂದು ಹೇಳುತ್ತಾರೆ. ಕೇಂದ್ರ ಸರ್ಕಾರ ಪತ್ರಿಕೆಗಳಿಗೆ ಕೊಡುವ ಜಾಹೀರಾತಿಗೂ ಇದೇ ಚದರ ಸೆಂಟಿಮೀಟರ್ ಲೆಕ್ಕ.

ಅಂದರೆ 80 ಚದರ ಸೆಂ.ಮೀ. ಜಾಗದಲ್ಲಿ ನೀವು ಐದು ಪದ ಬರೆದರೂ ಐವತ್ತು ಪದ ಬರೆದರೂ ಬಿಲ್ಲು ಒಂದೇ. ಹಾಗಿದ್ದರೆ ಎಷ್ಟು ಬೇಕಾದರೂ ಬರೆಯಬಹುದಲ್ಲ? ಅಲ್ಲೇ ಇರುವುದು ಸಮಸ್ಯೆ. ಪದ ಹೆಚ್ಚಿದರೆ ಬಿಲ್ಲು ಬೆಳೆಯುವುದಿಲ್ಲ, ಅಕ್ಷರ ಕುಗ್ಗುತ್ತದೆ. ಅಕ್ಷರ ಕುಗ್ಗಬಾರದು ಎಂದರೆ ಜಾಗ ಹಿಗ್ಗಬೇಕು, ಆಗ ಬಿಲ್ಲು ಬೆಳೆಯುತ್ತದೆ. ಎಷ್ಟು ಕುಗ್ಗುತ್ತದೆ, ಎಷ್ಟು ಬೆಳೆಯುತ್ತದೆ ಎಂಬುದನ್ನು ಮುಂದೆ ಲೆಕ್ಕ ಹಾಕಿಯೇ ನೋಡೋಣ.

ಅಗಲವನ್ನು ನೀವು ಅಲ್ಲ, ಕಾಲಂ ನಿರ್ಧರಿಸುತ್ತದೆ

ಪೂರ್ಣ ಗಾತ್ರದ ದಿನಪತ್ರಿಕೆಯ ಒಂದು ಪುಟವನ್ನು ಗಮನಿಸಿ. ಸುದ್ದಿ ಉದ್ದುದ್ದ ಪಟ್ಟಿಗಳಲ್ಲಿ ಹರಿದಿರುತ್ತದೆ. ಆ ಒಂದೊಂದು ಪಟ್ಟಿಯೇ ಕಾಲಂ. ಜಾಹೀರಾತಿನ ಲೆಕ್ಕಕ್ಕೆ ಇಡೀ ಪುಟವನ್ನು ಸಾಮಾನ್ಯವಾಗಿ 8 ಕಾಲಂ ಎಂದು ಹಿಡಿಯುತ್ತಾರೆ. ಎರಡು ಕಾಲಂಗಳ ನಡುವೆ ಕಿರಿದಾದ ಖಾಲಿ ಜಾಗ ಇರುತ್ತದೆ.

ಜಾಹೀರಾತು ಈ ಪಟ್ಟಿಗಳೊಳಗೆ ಕೂರಬೇಕು. ಒಂದು ಕಾಲಂ, ಎರಡು ಕಾಲಂ, ಮೂರು ಕಾಲಂ ಹೀಗೆ. ಎರಡೂವರೆ ಕಾಲಂ ಎಂಬುದು ಇಲ್ಲ. ಪಕ್ಕದ ಅರ್ಧ ಕಾಲಂನಲ್ಲಿ ಪತ್ರಿಕೆ ಸುದ್ದಿಯನ್ನೂ ಹಾಕಲಾಗದು, ಬೇರೆಯವರ ಜಾಹೀರಾತನ್ನೂ ಹಾಕಲಾಗದು. ಆದ್ದರಿಂದ ಅಗಲ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಎತ್ತರವನ್ನು ಮಾತ್ರ ನಿಮಗೆ ಬೇಕಾದಂತೆ ಸೆಂಟಿಮೀಟರ್ ಲೆಕ್ಕದಲ್ಲಿ ಹೆಚ್ಚು ಕಡಿಮೆ ಮಾಡಿಕೊಳ್ಳಬಹುದು.

ಒಂದು ಲೆಕ್ಕ ನೋಡೋಣ. ಕಾಲಂ ಅಗಲ 3.8 ಸೆಂ.ಮೀ., ನಡುವಿನ ಖಾಲಿ ಜಾಗ 0.4 ಸೆಂ.ಮೀ. ಎಂದುಕೊಳ್ಳಿ. ಆಗ,

- 1 ಕಾಲಂ: 3.8 ಸೆಂ.ಮೀ.
- 2 ಕಾಲಂ: 3.8 + 0.4 + 3.8 = 8.0 ಸೆಂ.ಮೀ.
- 3 ಕಾಲಂ: 12.2 ಸೆಂ.ಮೀ.
- 4 ಕಾಲಂ: 16.4 ಸೆಂ.ಮೀ.
- 8 ಕಾಲಂ, ಅಂದರೆ ಇಡೀ ಪುಟದ ಅಗಲ: 33.2 ಸೆಂ.ಮೀ.

ಇಲ್ಲಿ ಎರಡು ಕಾಲಂ ಎಂದರೆ 3.8ರ ಎರಡರಷ್ಟು, ಅಂದರೆ 7.6 ಅಲ್ಲ ಎಂಬುದನ್ನು ಗಮನಿಸಿ. ನಡುವಿನ ಖಾಲಿ ಜಾಗವೂ ನಿಮ್ಮ ಜಾಹೀರಾತಿಗೇ ಸೇರುತ್ತದೆ, ಅದಕ್ಕೂ ದುಡ್ಡು ಕೊಡುತ್ತೀರಿ. ಈ ಅಂಕಿಗಳು ಪತ್ರಿಕೆಯಿಂದ ಪತ್ರಿಕೆಗೆ ಕೆಲವು ಮಿಲಿಮೀಟರ್ ಬದಲಾಗುತ್ತವೆ. ಕ್ಲಾಸಿಫೈಡ್ ಪುಟದ ಕಾಲಂಗಳು ಇನ್ನೂ ಕಿರಿದಾಗಿರಬಹುದು. ಚಿಕ್ಕ ಗಾತ್ರದ ಟ್ಯಾಬ್ಲಾಯ್ಡ್ ಪುರವಣಿಯಲ್ಲಿ ಕಾಲಂ ಸಂಖ್ಯೆಯೇ ಬೇರೆ. ಹಾಗಾಗಿ "ನಿಮ್ಮ ಎರಡು ಕಾಲಂ ಎಷ್ಟು ಸೆಂಟಿಮೀಟರ್?" ಎಂದು ಜಾಹೀರಾತು ವಿಭಾಗದಲ್ಲೋ ಏಜೆಂಟರಲ್ಲೋ ಕೇಳಿಯೇ ಮುಂದುವರಿಯಬೇಕು. ಇದು ಮೊದಲ ಪ್ರಶ್ನೆ, ದರ ಎರಡನೆಯದು.

8×10 ಬೇರೆ, 10×8 ಬೇರೆ

ಪೇಪರಿನವರ ರೂಢಿಯಲ್ಲಿ ಮೊದಲು ಹೇಳುವುದು ಅಗಲ, ಆಮೇಲೆ ಎತ್ತರ. 8×10 ಎಂದರೆ 8 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರ. ನಮ್ಮ ಉದಾಹರಣೆಯ ಪತ್ರಿಕೆಯಲ್ಲಿ ಇದು ಎರಡು ಕಾಲಂಗಳಲ್ಲಿ ಸರಿಯಾಗಿ ಕೂರುತ್ತದೆ. ಜಾಗ 80 ಚದರ ಸೆಂ.ಮೀ.

10×8 ಎಂದರೆ 10 ಸೆಂ.ಮೀ. ಅಗಲ. ಗುಣಿಸಿದರೆ ಇದೂ 80. ಆದರೆ 10 ಸೆಂ.ಮೀ. ಅಗಲದ ಮೆಟ್ಟಿಲೇ ಇಲ್ಲ. ಎರಡು ಕಾಲಂ 8.0ಕ್ಕೆ ಮುಗಿಯಿತು, ಮುಂದಿನ ಮೆಟ್ಟಿಲು 12.2. ನೀವು ಡಿಟಿಪಿ ಅಂಗಡಿಯಲ್ಲಿ 10×8 ಎಂದು ವಿನ್ಯಾಸ ಮಾಡಿಸಿ ಕಳಿಸಿದರೆ ಎರಡರಲ್ಲಿ ಒಂದು ಆಗುತ್ತದೆ. ಒಂದೋ ಅದಕ್ಕೆ ಮೂರು ಕಾಲಂ ಕೊಟ್ಟು 12.2×8, ಅಂದರೆ 97.6 ಚದರ ಸೆಂ.ಮೀ.ಗೆ ಬಿಲ್ಲು ಹಾಕುತ್ತಾರೆ. ಇಲ್ಲವೇ ಎರಡು ಕಾಲಂಗೆ ಹಿಡಿಸಲು ಇಡೀ ವಿನ್ಯಾಸವನ್ನು ಶೇ 80ಕ್ಕೆ ಕುಗ್ಗಿಸುತ್ತಾರೆ. ಆಗ ಎತ್ತರ 8ರಿಂದ 6.4ಕ್ಕೆ ಇಳಿಯುತ್ತದೆ, 10 ಪಾಯಿಂಟ್ ಇದ್ದ ಅಕ್ಷರ 8 ಪಾಯಿಂಟ್ ಆಗುತ್ತದೆ.

ಇದರ ಜೊತೆ ಸೆಂಟಿಮೀಟರ್–ಇಂಚಿನ ಗೊಂದಲವೂ ಇದೆ. ಫ್ಲೆಕ್ಸ್, ಆಮಂತ್ರಣ ಪತ್ರಿಕೆ ಮಾಡುವ ಅಂಗಡಿಗಳಲ್ಲಿ ಇಂಚಿನ ಲೆಕ್ಕ ರೂಢಿ. ಬರೀ "8×10" ಎಂದು ಹೇಳಿದರೆ ಅವರು 8 ಇಂಚು, 10 ಇಂಚು ಎಂದು ತಿಳಿದು ದೊಡ್ಡದಾಗಿ ಮಾಡಿಬಿಡಬಹುದು. ಆಕಾರ ಒಂದೇ ಆಗಿರುವುದರಿಂದ ಫೋನಿನಲ್ಲಿ ನೋಡಿದಾಗ ತಪ್ಪು ಕಾಣುವುದೇ ಇಲ್ಲ. ಒಂದು ಇಂಚು ಎಂದರೆ 2.54 ಸೆಂ.ಮೀ. ಅಷ್ಟು ದೊಡ್ಡದನ್ನು ಸೆಂಟಿಮೀಟರ್ ಜಾಗಕ್ಕೆ ಇಳಿಸಿದಾಗ 10 ಪಾಯಿಂಟ್ ಅಕ್ಷರ ಸುಮಾರು 4 ಪಾಯಿಂಟ್ ಆಗುತ್ತದೆ. ಅದನ್ನು ಭೂತಗನ್ನಡಿ ಇಟ್ಟೇ ಓದಬೇಕು. ಆದ್ದರಿಂದ ಯಾವಾಗಲೂ ಪೂರ್ತಿಯಾಗಿ ಬರೆದು ಕೊಡಿ: "ಅಗಲ 8.0 ಸೆಂ.ಮೀ. (2 ಕಾಲಂ), ಎತ್ತರ 10 ಸೆಂ.ಮೀ."

ದುಡ್ಡಿನ ಲೆಕ್ಕ

ದರ ಪತ್ರಿಕೆ, ಆವೃತ್ತಿ, ಪುಟ ನೋಡಿ ಬದಲಾಗುತ್ತದೆ. ಒಂದು ಜಿಲ್ಲೆಯ ಆವೃತ್ತಿಗೆ ಒಂದು ದರ, ಎಲ್ಲ ಆವೃತ್ತಿಗಳಿಗೆ ಇನ್ನೊಂದು. ಇಲ್ಲಿ ಲೆಕ್ಕಕ್ಕೆ ಸುಲಭವಾಗಲೆಂದು ಚದರ ಸೆಂ.ಮೀ.ಗೆ 200 ರೂಪಾಯಿ ಎಂದು ಹಿಡಿಯುತ್ತೇವೆ. ಇದು ಯಾವ ಪತ್ರಿಕೆಯ ನಿಜವಾದ ದರವೂ ಅಲ್ಲ.

8.0 × 10 = 80 ಚದರ ಸೆಂ.ಮೀ. ಇದನ್ನು 200ರಿಂದ ಗುಣಿಸಿದರೆ 16,000 ರೂಪಾಯಿ. ಮುದ್ರಿತ ಪತ್ರಿಕೆಯ ಜಾಹೀರಾತು ಜಾಗಕ್ಕೆ ಶೇ 5ರಷ್ಟು ಜಿಎಸ್‌ಟಿ ಇದೆ, ಅದು 800. ಒಟ್ಟು 16,800.

ಇದರಲ್ಲಿ ನೆನಪಿಡಬೇಕಾದ ಅಂಕಿ ಒಂದೇ. ಎರಡು ಕಾಲಂ ಜಾಹೀರಾತಿನಲ್ಲಿ ಎತ್ತರ ಒಂದು ಸೆಂಟಿಮೀಟರ್ ಹೆಚ್ಚಿದರೆ 8 ಚದರ ಸೆಂ.ಮೀ. ಹೆಚ್ಚುತ್ತದೆ. ಅಂದರೆ 1,600 ರೂಪಾಯಿ, ತೆರಿಗೆ ಸೇರಿ 1,680. ಆದರೆ ಅಗಲವನ್ನು ಒಂದು ಮೆಟ್ಟಿಲು ಏರಿಸಿ 12.2×10 ಮಾಡಿದರೆ ಒಮ್ಮೆಗೇ 42 ಚದರ ಸೆಂ.ಮೀ. ಹೆಚ್ಚಿ, ತೆರಿಗೆ ಸೇರಿ 8,820 ರೂಪಾಯಿ ಜಾಸ್ತಿಯಾಗುತ್ತದೆ. ಸ್ವಲ್ಪ ಜಾಗ ಸಾಲದಿದ್ದಾಗ ಅಗಲ ಹೆಚ್ಚಿಸುವುದಕ್ಕಿಂತ ಎತ್ತರ ಹೆಚ್ಚಿಸುವುದು ಅಗ್ಗ ಎಂಬುದಕ್ಕೆ ಕಾರಣ ಇದು.

ಹಾಗಾದರೆ ಒಂದೇ ಕಾಲಂ ತೆಗೆದುಕೊಂಡು ಎತ್ತರವನ್ನೇ 20 ಸೆಂ.ಮೀ. ಮಾಡಿದರೆ? ಜಾಗ 76 ಚದರ ಸೆಂ.ಮೀ., ಬಿಲ್ಲೂ ಸ್ವಲ್ಪ ಕಡಿಮೆ. ಆದರೆ ಕನ್ನಡಕ್ಕೆ ಇದು ಒಗ್ಗುವುದಿಲ್ಲ. ಬಾರ್ಡರ್ ಬಿಟ್ಟರೆ ಒಳಗೆ ಉಳಿಯುವುದು ಮೂರು ಸೆಂ.ಮೀ. ಚಿಲ್ಲರೆ. ಒಂದು ಸಾಲಿಗೆ ಹನ್ನೊಂದು ಅಕ್ಷರ ಹಿಡಿದರೆ ಹೆಚ್ಚು. ಕನ್ನಡದಲ್ಲಿ ವಿಭಕ್ತಿ, ಪ್ರತ್ಯಯ ಎಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಪದಗಳು ಉದ್ದ. ಸಾಲಿಗೊಂದೇ ಪದ ಕೂತು ಪಕ್ಕದಲ್ಲಿ ಖಾಲಿ ಉಳಿಯುತ್ತದೆ. ಆ ಖಾಲಿ ಜಾಗಕ್ಕೂ ನೀವು ದುಡ್ಡು ಕೊಟ್ಟಿರುತ್ತೀರಿ.

8×10ರೊಳಗೆ ಎಷ್ಟು ಸಾಲು ಹಿಡಿಯುತ್ತದೆ?

ಇನ್ನು ಒಳಗಿನ ಲೆಕ್ಕ. ಜಾಹೀರಾತಿನ ಬಾರ್ಡರ್ ಮತ್ತು ಅದರ ಒಳಗಿನ ಅಂಚಿಗೆ ನಾಲ್ಕೂ ಕಡೆ 0.4 ಸೆಂ.ಮೀ. ಬಿಡೋಣ. ಆಗ ಉಳಿಯುವುದು 7.2 ಸೆಂ.ಮೀ. ಅಗಲ, 9.2 ಸೆಂ.ಮೀ. ಎತ್ತರ.

ಮೇಲೆ 'ಶ್ರದ್ಧಾಂಜಲಿ' ಎಂಬ ತಲೆಬರಹಕ್ಕೆ ಸುಮಾರು 1 ಸೆಂ.ಮೀ. ಬೇಕು. ಫೋಟೊ ಮತ್ತು ಅದರ ಕೆಳಗಿನ ಜಾಗಕ್ಕೆ 3.8 ಸೆಂ.ಮೀ. ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಲು 0.9 ಸೆಂ.ಮೀ. ಇವೆಲ್ಲ ಕಳೆದರೆ ಉಳಿದ ವಿಷಯಕ್ಕೆ 3.5 ಸೆಂ.ಮೀ. ಮಾತ್ರ.

ಅಷ್ಟರಲ್ಲಿ ಎಷ್ಟು ಸಾಲು? ಮುದ್ರಣದಲ್ಲಿ ಅಕ್ಷರದ ಗಾತ್ರವನ್ನು ಪಾಯಿಂಟ್‌ನಲ್ಲಿ ಅಳೆಯುತ್ತಾರೆ. 72 ಪಾಯಿಂಟ್ ಸೇರಿದರೆ ಒಂದು ಇಂಚು. ಹಿರಿಯರಿಗೂ ಓದಲು ಬರಬೇಕಾದರೆ 10 ಪಾಯಿಂಟ್‌ಗಿಂತ ಕೆಳಗೆ ಹೋಗದಿರುವುದು ಒಳ್ಳೆಯದು. ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು–ಕೊಂಬು ಮೇಲೆ ಪಕ್ಕಕ್ಕೆ ಚಾಚುತ್ತವೆ. ಹಾಗಾಗಿ ಇಂಗ್ಲಿಷಿಗಿಂತ ಸಾಲುಗಳ ನಡುವೆ ಹೆಚ್ಚು ಅಂತರ ಬೇಕು. ಇಲ್ಲದಿದ್ದರೆ ಮೇಲಿನ ಸಾಲಿನ 'ಲಕ್ಷ್ಮಮ್ಮ'ದ ಒತ್ತು ಕೆಳಗಿನ ಸಾಲಿನ ತಲೆಗೆ ತಾಗುತ್ತದೆ. 10 ಪಾಯಿಂಟ್ ಅಕ್ಷರಕ್ಕೆ ಅಂತರವೂ ಸೇರಿ 14 ಪಾಯಿಂಟ್ ಕೊಟ್ಟರೆ ಒಂದು ಸಾಲು ಹೆಚ್ಚುಕಡಿಮೆ ಅರ್ಧ ಸೆಂಟಿಮೀಟರ್ ಆಗುತ್ತದೆ. ಅಂದರೆ ಒಂದು ಸೆಂಟಿಮೀಟರಿಗೆ ಎರಡು ಸಾಲು. 3.5 ಸೆಂ.ಮೀ.ಗೆ ಏಳು ಸಾಲು.

ಒಂದು ಸಾಲಿಗೆ ಎಷ್ಟು ಅಕ್ಷರ ಎಂಬುದು ಅಕ್ಷರದ ಶೈಲಿಯ ಮೇಲೆ ಹೋಗುತ್ತದೆ. ಇಲ್ಲಿ ಪದಗಳ ನಡುವಿನ ಜಾಗವೂ ಸೇರಿ 26 ಎಂದು ಹಿಡಿಯೋಣ. ನಿಮ್ಮ ಪತ್ರಿಕೆಗೆ ಎಷ್ಟು ಎಂದು ತಿಳಿಯಲು ಸುಲಭ ದಾರಿ ಇದೆ. ಅದೇ ಪತ್ರಿಕೆಯಲ್ಲಿ ಬಂದ, ನಿಮಗೆ ಆರಾಮಾಗಿ ಓದಲು ಬರುವ ಎರಡು ಕಾಲಂ ಜಾಹೀರಾತಿನ ಮೇಲೆ ಸ್ಕೇಲ್ ಇಟ್ಟು ಅಕ್ಷರ ಮತ್ತು ಸಾಲು ಎಣಿಸಿ. ಕಾಗದದ ಪೇಪರನ್ನೇ ಬಳಸಿ. ಇ-ಪೇಪರಿನಲ್ಲಿ ಬೆರಳಿನಿಂದ ಹಿಗ್ಗಿಸಿ ನೋಡಿದ ಗಾತ್ರಕ್ಕೆ ಅರ್ಥವಿಲ್ಲ.

45 ಪದ ಬರೆದರೂ ಮನೆ ಎಲ್ಲಿ ಎಂದು ಗೊತ್ತಾಗಲಿಲ್ಲ

ಈಗ ಬರಹಕ್ಕೆ ಬರೋಣ. ಸಾಮಾನ್ಯವಾಗಿ ಕುಟುಂಬದವರು ಬರೆದುಕೊಡುವ ಧಾಟಿಯಲ್ಲಿ ನಾವೇ ಒಂದು ಮಾದರಿ ಬರೆದಿದ್ದೇವೆ. ಹೆಸರು, ದಿನ, ವಿಳಾಸ ಎಲ್ಲವೂ ಕಾಲ್ಪನಿಕ.

"ನಮ್ಮ ಪೂಜ್ಯ ಮಾತೃಶ್ರೀಯವರಾದ ಶ್ರೀಮತಿ ಲಕ್ಷ್ಮಮ್ಮನವರು ತಮ್ಮ 78ನೇ ವಯಸ್ಸಿನಲ್ಲಿ ಜೂನ್ 4ರ ಗುರುವಾರದಂದು ಬೆಳಗಿನ ಜಾವ ನಮ್ಮನ್ನೆಲ್ಲ ಅಗಲಿ ದೈವಾಧೀನರಾದರು ಎಂದು ತಿಳಿಸಲು ವಿಷಾದಿಸುತ್ತೇವೆ. ಮೃತರ ಆತ್ಮಶಾಂತಿಗಾಗಿ ಹನ್ನೊಂದನೇ ದಿನದ ಉತ್ತರಕ್ರಿಯಾದಿ ಕರ್ಮಗಳನ್ನು ಜೂನ್ 14ರ ಭಾನುವಾರದಂದು ಮಧ್ಯಾಹ್ನ 12 ಗಂಟೆಗೆ ಸರಿಯಾಗಿ ನಮ್ಮ ಸ್ವಗೃಹದಲ್ಲಿ ಏರ್ಪಡಿಸಲಾಗಿದ್ದು, ತಾವುಗಳು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ಮೃತರ ಆತ್ಮಕ್ಕೆ ಚಿರಶಾಂತಿ ಕೋರಬೇಕಾಗಿ ವಿನಂತಿ."

ಒಟ್ಟು 45 ಪದ. ಸಾಲಿಗೆ 26 ಅಕ್ಷರದಂತೆ ಹಾಕಿದರೆ ಸುಮಾರು ಹತ್ತು ಸಾಲು. ಇದರ ಕೆಳಗೆ ಐದು ಮಕ್ಕಳು, ಅವರ ಗಂಡ-ಹೆಂಡಿರು, ಎಂಟು ಮೊಮ್ಮಕ್ಕಳು ಎಂದು 18 ಹೆಸರು ಸೇರಿಸಿದರೆ ಇನ್ನೂ ಏಳು ಸಾಲು. ಒಟ್ಟು 17 ಸಾಲು. ನಮ್ಮಲ್ಲಿರುವ ಜಾಗ ಏಳು ಸಾಲಿಗೆ.

ಈಗ ಎರಡೇ ದಾರಿ. 17 ಸಾಲಿಗೂ ಜಾಗ ಕೊಡುವುದಾದರೆ ಎತ್ತರ ಇನ್ನೂ 5 ಸೆಂ.ಮೀ. ಬೇಕು. 8×15 ಆದರೆ 120 ಚದರ ಸೆಂ.ಮೀ., ತೆರಿಗೆ ಸೇರಿ 25,200 ರೂಪಾಯಿ. ಜಾಗ ಅಷ್ಟೇ ಇರಲಿ ಎಂದರೆ ಅಕ್ಷರ ಕುಗ್ಗಬೇಕು. 17 ಸಾಲಿನ ವಿಷಯ ಏಳು ಸಾಲಿನ ಜಾಗದಲ್ಲಿ ಹಿಡಿಯಲು ಅಕ್ಷರ ಸುಮಾರು ಆರೂವರೆ ಪಾಯಿಂಟ್‌ಗೆ ಇಳಿಯುತ್ತದೆ. ಪೇಪರ್ ಕಾಗದದ ಮೇಲೆ ಮಸಿ ಸ್ವಲ್ಪ ಹರಡುತ್ತದೆ. ಅಷ್ಟು ಸಣ್ಣ ಅಕ್ಷರದಲ್ಲಿ ಒತ್ತಕ್ಷರದ ಒಳಗಿನ ಖಾಲಿ ಜಾಗ ತುಂಬಿಕೊಂಡು 'ದ್ದ', 'ದ್ಧ' ಒಂದೇ ಥರ ಕಾಣುತ್ತವೆ. ಫೋನ್ ಸಂಖ್ಯೆಯಲ್ಲಿ 3 ಮತ್ತು 8 ಬೆರೆತುಹೋಗುತ್ತವೆ.

ಇಷ್ಟೆಲ್ಲ ಬರೆದ ಮೇಲೂ ಒಂದು ಕೊರತೆ ಉಳಿದಿದೆ. ಮತ್ತೊಮ್ಮೆ ಓದಿ ನೋಡಿ. 'ನಮ್ಮ ಸ್ವಗೃಹದಲ್ಲಿ' ಎಂದಿದೆ, ಮನೆ ಎಲ್ಲಿದೆ ಎಂದಿಲ್ಲ. ಊರಿನ ಹೆಸರೇ ಇಲ್ಲ. ಲಕ್ಷ್ಮಮ್ಮ ಎಂಬ ಹೆಸರಿನವರು ಊರಿಗೆ ಹತ್ತು ಜನ ಇರುತ್ತಾರೆ. ಯಾವ ಲಕ್ಷ್ಮಮ್ಮ? ಮೇಷ್ಟ್ರ ಹೆಂಡತಿಯೋ, ಟೀಚರ್ ಆಗಿದ್ದವರೋ? ಮನೆಯವರಿಗೆ ಎಲ್ಲ ಗೊತ್ತಿರುವುದರಿಂದ ಅವರ ಕಣ್ಣಿಗೆ ಈ ಕೊರತೆ ಬೀಳುವುದೇ ಇಲ್ಲ.

ಏನು ಬಿಡಬೇಕು, ಏನು ಬಿಡಬಾರದು

ಶ್ರದ್ಧಾಂಜಲಿ ಓದುವವರಿಗೆ ತಿಳಿಯಬೇಕಾದುದು ನಾಲ್ಕು: ತೀರಿಕೊಂಡವರು ಯಾರು, ಯಾವತ್ತು, ಕಾರ್ಯ ಎಂದು, ಎಲ್ಲಿ. ಇವುಗಳಿಗೆ ಉತ್ತರ ಕೊಡದ ಪ್ರತಿ ಪದವನ್ನೂ ಒಮ್ಮೆ ಪ್ರಶ್ನಿಸಿ. ಫೋಟೊದ ಮೇಲೆ 'ಶ್ರದ್ಧಾಂಜಲಿ' ಎಂದಿರುವಾಗ 'ನಮ್ಮನ್ನೆಲ್ಲ ಅಗಲಿ ದೈವಾಧೀನರಾದರು ಎಂದು ತಿಳಿಸಲು ವಿಷಾದಿಸುತ್ತೇವೆ' ಎಂಬ ಇಡೀ ಸಾಲಿನ ಕೆಲಸವನ್ನು 'ನಿಧನ' ಎಂಬ ಒಂದು ಪದ ಮಾಡುತ್ತದೆ. 'ಸಕುಟುಂಬ ಸಪರಿವಾರ ಸಮೇತರಾಗಿ' ಎಂಬಲ್ಲಿ ಒಂದೇ ಮಾತು ಮೂರು ಬಾರಿ ಬಂದಿದೆ. ಉತ್ತರಕ್ರಿಯೆಯ ದಿನ, ಸ್ಥಳ ಹಾಕಿದ ಮೇಲೆ ಬನ್ನಿ ಎಂದು ಬೇರೆ ಹೇಳಬೇಕಿಲ್ಲ.

ಹೀಗೆ ಇಳಿಸಿದರೆ, ತಲೆಬರಹ, ಫೋಟೊ ಮತ್ತು 'ಲಕ್ಷ್ಮಮ್ಮ (78)' ಎಂಬ ದಪ್ಪ ಸಾಲಿನ ಕೆಳಗೆ ಬರುವುದು ಇಷ್ಟು:

ನಿವೃತ್ತ ಶಿಕ್ಷಕಿ, ಶಿವಮೊಗ್ಗ
ನಿಧನ: ಜೂನ್ 4, ಗುರುವಾರ
ಉತ್ತರಕ್ರಿಯೆ: ಜೂನ್ 14, ಭಾನುವಾರ
ಮಧ್ಯಾಹ್ನ 12, ಸ್ವಗೃಹ, 2ನೇ ಅಡ್ಡರಸ್ತೆ
ಹಾಲಿನ ಬೂತ್ ಎದುರು, ವಿನಾಯಕ ನಗರ
ಫೋನ್: (ಮನೆಯ ಒಬ್ಬರ ಸಂಖ್ಯೆ)
ಮಕ್ಕಳು, ಮೊಮ್ಮಕ್ಕಳು, ಬಂಧುಮಿತ್ರರು

ಸರಿಯಾಗಿ ಏಳು ಸಾಲು. ಯಾವ ಸಾಲೂ 26 ಅಕ್ಷರ ದಾಟಿಲ್ಲ. ಪದ ಕಡಿಮೆಯಾದರೂ ಮಾಹಿತಿ ಹೆಚ್ಚಾಗಿದೆ. ಯಾವ ಲಕ್ಷ್ಮಮ್ಮ ಎಂದು ತಿಳಿಯಿತು, ಊರು ತಿಳಿಯಿತು, ಮನೆಯ ಗುರುತೂ ಸಿಕ್ಕಿತು.

ಇಲ್ಲಿ ಉಳಿಸಿಕೊಂಡ ಎರಡು ವಿಷಯಗಳನ್ನು ಗಮನಿಸಿ. ಒಂದು, ತಾರೀಖಿನ ಜೊತೆ ವಾರ. ಎರಡೂ ಇದ್ದರೆ ಒಂದು ತಪ್ಪಾಗಿ ಅಚ್ಚಾದರೂ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. 14ರ ಬದಲು 15 ಎಂದು ಬಿದ್ದರೂ 'ಭಾನುವಾರ' ನೋಡಿ ಓದುಗರು ಅನುಮಾನಿಸುತ್ತಾರೆ. ಎರಡು, ಫೋನ್ ಸಂಖ್ಯೆ. ದಾರಿ ತಪ್ಪಿದವರಿಗೆ ಉಳಿಯುವ ಆಸರೆ ಅದೇ. 'ಇದೇ ಭಾನುವಾರ', 'ನಾಳೆ' ಎಂದು ಮಾತ್ರ ಬರೆಯಬೇಡಿ. ಪುಟದಲ್ಲಿ ಜಾಗ ಸಿಗದೆ ಜಾಹೀರಾತು ಒಂದು ದಿನ ತಡವಾಗಿ ಬಂದರೆ ಅರ್ಥವೇ ಬದಲಾಗುತ್ತದೆ.

ಹೆಸರುಗಳ ವಿಷಯದಲ್ಲಿ ಏನು ಮಾಡಬೇಕು?

ಮನೆಗಳಲ್ಲಿ ನಿಜವಾಗಿ ಮಾತು ಬೆಳೆಯುವುದು ಇಲ್ಲಿ. ದೊಡ್ಡ ಮಗನ ಹೆಸರಿದ್ದು ಕಿರಿಯ ಅಳಿಯನ ಹೆಸರಿಲ್ಲದಿದ್ದರೆ ಅದು ವರ್ಷಗಟ್ಟಲೆ ಉಳಿಯುವ ಮನಸ್ತಾಪ. 'ಮಕ್ಕಳು, ಮೊಮ್ಮಕ್ಕಳು' ಎಂದು ಮಾತ್ರ ಹಾಕುವುದರ ಲಾಭ ಜಾಗದ್ದಷ್ಟೇ ಅಲ್ಲ, ಯಾರನ್ನೂ ಬಿಟ್ಟಂತಾಗುವುದಿಲ್ಲ.

ಆದರೂ ಹೆಸರು ಬೇಕೇ ಬೇಕು ಎನ್ನುವುದು ತಪ್ಪಲ್ಲ. ದೂರದ ಊರಿನವರು ಮಕ್ಕಳ ಹೆಸರಿನಿಂದಲೇ ಗುರುತು ಹಿಡಿಯುವುದೂ ಉಂಟು. ಹಾಗಿದ್ದಾಗ ಲೆಕ್ಕವನ್ನು ಮನೆಯವರ ಮುಂದಿಡಿ. ಐದು ಮಕ್ಕಳ ಹೆಸರಿಗೆ ಎರಡು ಸಾಲು, ಅಂದರೆ ಒಂದು ಸೆಂ.ಮೀ., ನಮ್ಮ ಉದಾಹರಣೆಯ ದರದಲ್ಲಿ 1,680 ರೂಪಾಯಿ. ಹದಿನೆಂಟೂ ಹೆಸರಿಗೆ ಏಳು ಸಾಲು, ಮೂರೂವರೆ ಸೆಂ.ಮೀ., 5,880 ರೂಪಾಯಿ. ಇದು ಕೊಡಬಹುದಾದ ಮೊತ್ತವೋ ಅಲ್ಲವೋ ಎಂದು ಅವರೇ ತೀರ್ಮಾನಿಸಲಿ. ಮಾಡಬಾರದ್ದು ಒಂದೇ: ಜಾಗ ಹೆಚ್ಚಿಸದೆ ಹೆಸರುಗಳನ್ನು ತುರುಕಿ, ದಿನ ಮತ್ತು ಸ್ಥಳದ ಸಾಲುಗಳನ್ನು ಕುಗ್ಗಿಸುವುದು.

ಪ್ರೂಫ್ ಫೋನಿನಲ್ಲಿ ಚೆನ್ನಾಗಿ ಕಂಡರೆ ಸಾಲದು

ಏಜೆಂಟರು ಅಥವಾ ಡಿಟಿಪಿಯವರು ವಾಟ್ಸಾಪಿನಲ್ಲಿ ಪ್ರೂಫ್ ಕಳಿಸುತ್ತಾರೆ. ಬೆರಳಿನಿಂದ ಹಿಗ್ಗಿಸಿ ನೋಡುತ್ತೀರಿ, ಎಲ್ಲ ಸ್ಪಷ್ಟವಾಗಿ ಕಾಣುತ್ತದೆ, 'ಓಕೆ' ಎನ್ನುತ್ತೀರಿ. ಪೇಪರನ್ನು ಹಾಗೆ ಹಿಗ್ಗಿಸಲು ಬರುವುದಿಲ್ಲ.

ಪ್ರೂಫನ್ನು ಪಿಡಿಎಫ್ ಆಗಿ ತರಿಸಿಕೊಂಡು ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಎ4 ಹಾಳೆಯ ಮೇಲೆ ಪ್ರಿಂಟ್ ತೆಗೆಸಿ. 8×10 ಸೆಂ.ಮೀ. ಆ ಹಾಳೆಯ ಒಂದು ಮೂಲೆಯಲ್ಲಿ ಕೂರುವಷ್ಟೇ ಇರುತ್ತದೆ. ಪ್ರಿಂಟ್ ಮಾಡುವಾಗ ಹಾಳೆಯ ಗಾತ್ರಕ್ಕೆ ಹಿಗ್ಗಿಸದೆ, 100 ಶೇಕಡ ಅಳತೆಯಲ್ಲೇ ಮಾಡಲು ಹೇಳಿ. ಸ್ಕೇಲ್ ಇಟ್ಟು ಅಗಲ 8.0, ಎತ್ತರ 10 ಇದೆಯೇ ನೋಡಿ. ಇಂಚಿನ ಗೊಂದಲ ಆಗಿದ್ದರೆ ಇಲ್ಲೇ ಸಿಕ್ಕಿಬೀಳುತ್ತದೆ. ಆಮೇಲೆ ಆ ಹಾಳೆಯನ್ನು ಮನೆಯ ಹಿರಿಯರೊಬ್ಬರ ಕೈಗೆ ಕೊಟ್ಟು ಸಾಮಾನ್ಯ ಬೆಳಕಿನಲ್ಲಿ ಓದಿಸಿ. ಅವರು ಎಡವಿದ ಕಡೆ ಬೇರೆಯವರೂ ಎಡವುತ್ತಾರೆ.

ಫೋಟೊ ಕಳಿಸುವಾಗಲೂ ಒಂದು ಎಚ್ಚರ. ವಾಟ್ಸಾಪಿನಲ್ಲಿ ಸಾಮಾನ್ಯ ಚಿತ್ರವಾಗಿ ಕಳಿಸಿದರೆ ಅದು ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಹಾಗೇ ಹೋಗುತ್ತದೆ. ಮುಖವೇ ತುಂಬಿರುವ ಫೋಟೊ ಆದರೆ ಅಷ್ಟು ವ್ಯತ್ಯಾಸ ತಿಳಿಯದು. ಮದುವೆಯ ಗುಂಪು ಫೋಟೊದಿಂದ ಒಂದು ಮುಖವನ್ನು ಕತ್ತರಿಸಿ ತೆಗೆಯುವುದಾದರೆ ಮಾತ್ರ ಮೂಲ ಕಡತವನ್ನೇ ಕೊಡಬೇಕು.

ಬುಕಿಂಗ್ ಮಾಡುವಾಗ ಬರಹದಲ್ಲಿ ಏನೇನು ಇರಬೇಕು?

ಫೋನಿನಲ್ಲಿ ಮಾತಾಡಿದ್ದನ್ನೇ ಒಂದು ಸಂದೇಶವಾಗಿ ಕಳಿಸಿ, ಹೌದು ಎಂಬ ಉತ್ತರ ತೆಗೆದುಕೊಳ್ಳಿ. ಅದರಲ್ಲಿ ಇರಬೇಕಾದ್ದು ಇಷ್ಟು: ಅಗಲ ಮತ್ತು ಎತ್ತರ ಸೆಂಟಿಮೀಟರಿನಲ್ಲಿ, ಎಷ್ಟು ಕಾಲಂ, ಯಾವ ಆವೃತ್ತಿ, ಯಾವ ದಿನ, ಕಪ್ಪು ಬಿಳುಪೋ ಬಣ್ಣವೋ, ಚದರ ಸೆಂ.ಮೀ. ದರ, ತೆರಿಗೆ ಸೇರಿ ಒಟ್ಟು ಮೊತ್ತ. ಕನಿಷ್ಠ ಇಷ್ಟು ಗಾತ್ರ ಇರಲೇಬೇಕು ಎಂಬ ನಿಯಮ ಇದೆಯೇ ಎಂದೂ ಕೇಳಿ. ಶ್ರದ್ಧಾಂಜಲಿಗೆ ವಾಣಿಜ್ಯ ಜಾಹೀರಾತಿಗಿಂತ ಬೇರೆ ದರ ಇರುವ ಪತ್ರಿಕೆಗಳಿವೆ, ಅದನ್ನು ನೀವೇ ಕೇಳಿ ತಿಳಿಯಬೇಕು.

ದರ ಹೇಳುವಾಗ 'ಕಾಲಂ ಸೆಂಟಿಮೀಟರ್' ಎಂಬ ಮಾತು ಬಂದರೆ ಎಚ್ಚರವಾಗಿರಿ. ಅದು ಬೇರೆ ಅಳತೆ. ಒಂದು ಕಾಲಂ ಅಗಲ, ಒಂದು ಸೆಂಟಿಮೀಟರ್ ಎತ್ತರದ ಜಾಗ ಒಂದು ಕಾಲಂ ಸೆಂಟಿಮೀಟರ್. ಎರಡು ಕಾಲಂ, 10 ಸೆಂ.ಮೀ. ಎತ್ತರದ ಜಾಹೀರಾತು ಆ ಲೆಕ್ಕದಲ್ಲಿ 20. ಚದರ ಸೆಂಟಿಮೀಟರ್ ಲೆಕ್ಕದಲ್ಲಿ ಅದೇ ಜಾಹೀರಾತು 80. ಹಾಗಾಗಿ ಎರಡು ಪತ್ರಿಕೆಗಳ ದರ ಹೋಲಿಸುವಾಗ ಎರಡೂ ಒಂದೇ ಅಳತೆಯಲ್ಲಿವೆಯೇ ಎಂದು ಮೊದಲು ನೋಡಬೇಕು. ಇನ್ನೂ ಸುಲಭ ಎಂದರೆ "8.0×10 ಸೆಂ.ಮೀ. ಜಾಹೀರಾತಿಗೆ ತೆರಿಗೆ ಸೇರಿ ಒಟ್ಟು ಎಷ್ಟು?" ಎಂದು ಇಬ್ಬರಲ್ಲೂ ಒಂದೇ ಪ್ರಶ್ನೆ ಕೇಳುವುದು.

ಜಾಹೀರಾತು ಬಂದ ದಿನ ಪೇಪರಿನ ಮೇಲೆ ಮತ್ತೊಮ್ಮೆ ಸ್ಕೇಲ್ ಇಡಿ. ಒಂದೆರಡು ಮಿಲಿಮೀಟರ್ ವ್ಯತ್ಯಾಸ ಮುದ್ರಣದಲ್ಲಿ ಆಗುವಂಥದ್ದೇ. ಆದರೆ 10 ಸೆಂ.ಮೀ.ಗೆ ಬಿಲ್ಲು ಹಾಕಿ 9 ಸೆಂ.ಮೀ. ಅಚ್ಚಾಗಿದ್ದರೆ, ಆ ಪುಟ ಮತ್ತು ನಿಮ್ಮ ಸಂದೇಶ ಎರಡನ್ನೂ ಇಟ್ಟುಕೊಂಡು ಕೇಳುವ ಹಕ್ಕು ನಿಮಗಿದೆ.

ಹಾಗಾದರೆ ಗುಂಪಿನ ಆ ಮೂರು ಮಾತುಗಳು?

'ಪದಕ್ಕೆ ದುಡ್ಡು' ಎಂಬುದು ಸಾಲು ಲೆಕ್ಕದ ಕ್ಲಾಸಿಫೈಡ್‌ಗೆ ನಿಜ, ಫೋಟೊ–ಬಾರ್ಡರ್ ಇರುವ ಡಿಸ್‌ಪ್ಲೇ ಜಾಹೀರಾತಿಗೆ ಅಲ್ಲ. 'ಎಷ್ಟು ಬೇಕಾದರೂ ಬರೀಬಹುದು' ಎಂಬುದು ಬಿಲ್ಲಿನ ಮಟ್ಟಿಗೆ ನಿಜ, ಓದುವವರ ಕಣ್ಣಿನ ಮಟ್ಟಿಗೆ ಸುಳ್ಳು. '8×10 ಮತ್ತು 10×8 ಒಂದೇ' ಎಂಬುದು ಗುಣಾಕಾರದಲ್ಲಿ ನಿಜ, ಪೇಪರಿನ ಪುಟದಲ್ಲಿ ಸುಳ್ಳು. ಮುಂದಿನ ಸಲ ಯಾರಾದರೂ ಜಾಹೀರಾತು ಹಾಕಿಸಲು ಹೊರಟಾಗ ಅವರಿಗೆ ಈ ಒಂದು ಸಾಲನ್ನಾದರೂ ಕಳಿಸಿ: ಮೊದಲು ಎರಡು ಕಾಲಂ ಎಷ್ಟು ಸೆಂಟಿಮೀಟರ್ ಎಂದು ಕೇಳಿ, ಒಳಗೆ ಎಷ್ಟು ಸಾಲು ಹಿಡಿಯುತ್ತದೆ ಎಂದು ಎಣಿಸಿ, ಆಮೇಲೆ ಬರೆಯಲು ಕೂರಿ.